ಹಾಲು ಹಾಕದ ಖಡಕ್ ಚಾ ಮತ್ತು ಕಿಡ್ನಿ ಕಲ್ಲು: ಯಾರು ಲೆಕ್ಕ ಇಡಬೇಕು, ಯಾರಿಗೆ ಚಿಂತೆ ಬೇಡ?

ತೀರ್ಥಹಳ್ಳಿ: ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಮಲೆನಾಡಿನ ಮನೆಗಳಲ್ಲಿ ಚಾ ಪುಡಿಯ ಖರ್ಚು ಏರುತ್ತದೆ. ಸುಲಿಯೋರು ರಾತ್ರಿ ಹತ್ತು ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ, ನಿದ್ದೆ ಬರಬಾರದು ಅಂತ ಎರಡು ಗಂಟೆಗೊಮ್ಮೆ ಚಾ. ಅಷ್ಟು ಜನಕ್ಕೆ ಅಷ್ಟು ಸಲ ಹಾಲು ಎಲ್ಲಿಂದ ತರೋದು? ಹಾಗಾಗಿ ಕರಿ ಚಾ, ಸ್ವಲ್ಪ ಬೆಲ್ಲವೋ ಸಕ್ಕರೆಯೋ ಹಾಕಿ. ಪೇಟೆ ಅಂಗಡಿಗಳಲ್ಲೂ ಈಗ ಶುಗರ್ ಇರೋರು, ತೂಕ ಇಳಿಸೋರು ‘ಬ್ಲ್ಯಾಕ್ ಟೀ ಕೊಡಿ, ಸ್ಟ್ರಾಂಗ್ ಇರಲಿ’ ಅಂತ ಕೇಳೋದು ಹೆಚ್ಚಾಗಿದೆ.

ಇದರ ಜೊತೆಗೆ ಇನ್ನೊಂದು ಮಾತೂ ಓಡಾಡುತ್ತಿದೆ. ಬ್ಲ್ಯಾಕ್ ಟೀ ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂಬ ಮಾತು. ವಾಟ್ಸಾಪಿನಲ್ಲಿ ಬರುವ ಈ ಸಂದೇಶದಲ್ಲಿ ನಿಜ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಆದರೆ ಎಲ್ಲರಿಗೂ ಅನ್ವಯಿಸುವ ನಿಜವೂ ಅಲ್ಲ. ಒಮ್ಮೆ ಕಲ್ಲು ಬಂದು ನರಳಿದವರಿಗೆ ಇದು ಲೆಕ್ಕ ಹಾಕಬೇಕಾದ ವಿಷಯ. ಉಳಿದವರಿಗೆ ಬಹುತೇಕ ಅಲ್ಲ.

ಆಕ್ಸಲೇಟ್ ಅಂದರೆ ಏನು

ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ನಾಲಿಗೆ, ಗಂಟಲು ತುರಿಸುತ್ತದೆ. ಪತ್ರೊಡೆ ಮಾಡುವವರು ಹುಣಸೆಹುಳಿ ಹಾಕದೆ ಬಿಡೋದಿಲ್ಲ, ಅದೂ ಈ ತುರಿಕೆ ಭಯಕ್ಕೇ. ಆ ತುರಿಕೆಗೆ ಮುಖ್ಯ ಕಾರಣ ಎಲೆಯೊಳಗಿರುವ ಸೂಜಿಯಂಥ ಹರಳುಗಳು. ಆ ಹರಳು ಯಾವುದರದ್ದು? ಕ್ಯಾಲ್ಸಿಯಂ ಆಕ್ಸಲೇಟ್. ಕಿಡ್ನಿಯಲ್ಲಿ ಆಗುವ ಕಲ್ಲುಗಳಲ್ಲಿ ಬಹುಪಾಲು ಇದೇ ವಸ್ತುವಿನಿಂದ ಆಗಿರುತ್ತವೆ.

ಆಕ್ಸಲೇಟ್ ಅನ್ನೋದು ಗಿಡಗಳಲ್ಲಿ ತಾನಾಗಿಯೇ ಇರುವ ಒಂದು ಆಮ್ಲದ ಅಂಶ. ನಮ್ಮ ಯಕೃತ್ತು ಕೂಡ ದಿನಾ ಒಂದಿಷ್ಟನ್ನು ತಯಾರಿಸುತ್ತದೆ. ದೇಹಕ್ಕೆ ಇದರಿಂದ ಉಪಯೋಗವಿಲ್ಲ, ಮೂತ್ರದಲ್ಲಿ ಹೊರಗೆ ಹಾಕಬೇಕು ಅಷ್ಟೇ. ತೊಂದರೆ ಇರೋದು ಇದರ ಗೆಳೆತನದಲ್ಲಿ. ಕ್ಯಾಲ್ಸಿಯಂ ಸಿಕ್ಕರೆ ಆಕ್ಸಲೇಟ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಾಗೆ ಸೇರಿದ ಮೇಲೆ ನೀರಲ್ಲಿ ಕರಗೋದು ಬಹಳ ಕಷ್ಟ.

ಈ ಜೋಡಿ ಎಲ್ಲಿ ಸೇರುತ್ತದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಕರುಳಿನಲ್ಲಿ ಸೇರಿದರೆ ಒಳ್ಳೇದು. ಕರಗದ ಪುಡಿಯಾಗಿ ಮಲದ ಜೊತೆ ಹೊರಗೆ ಹೋಗುತ್ತದೆ, ರಕ್ತಕ್ಕೆ ಬರುವುದೇ ಇಲ್ಲ. ಕರುಳಿನಲ್ಲಿ ಕ್ಯಾಲ್ಸಿಯಂ ಸಿಗದೆ ಆಕ್ಸಲೇಟ್ ಒಂಟಿಯಾಗಿ ಉಳಿದರೆ ಅದರಲ್ಲಿ ಸ್ವಲ್ಪ ರಕ್ತಕ್ಕೆ ಹೋಗಿ, ಕಿಡ್ನಿಗೆ ಬಂದು, ಅಲ್ಲಿ ಮೂತ್ರದಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ಮೂತ್ರ ತೆಳುವಾಗಿದ್ದರೆ ಹರಳು ಕಟ್ಟುವ ಮೊದಲೇ ಹರಿದು ಹೋಗುತ್ತದೆ. ಮೂತ್ರ ಕಡಿಮೆಯಿದ್ದು ಮಂದವಾಗಿದ್ದರೆ ಹರಳು ಕೂರುತ್ತದೆ, ಹರಳಿನ ಮೇಲೆ ಹರಳು ಬೆಳೆದು ಕಲ್ಲಾಗುತ್ತದೆ.

ಹಾಲು ಹಾಕಿದ ಚಾಕ್ಕೂ ಹಾಲು ಹಾಕದ ಚಾಕ್ಕೂ ವ್ಯತ್ಯಾಸ ಬರೋದು ಇಲ್ಲೇ.

ಲೋಟ ಎಣಿಸಬೇಡಿ, ಪುಡಿ ತೂಗಿ

ನ್ಯೂಜಿಲೆಂಡಿನ ಸಂಶೋಧಕರು 2002ರಲ್ಲಿ ಮಾರುಕಟ್ಟೆಯ ಹಲವು ಬಗೆಯ ಚಾಗಳನ್ನು ಕುದಿಸಿ ಅಳೆದಿದ್ದರು. ಕಪ್ಪು ಚಾ ಪುಡಿಯಿಂದ ನೀರಿಗೆ ಬಿಡುವ, ಕರಗುವ ಆಕ್ಸಲೇಟ್ ಗ್ರಾಂಗೆ ಸುಮಾರು 5 ಮಿಲಿಗ್ರಾಂ ಬಂತು. ಗ್ರೀನ್ ಟೀಯಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

ಗ್ರಾಂಗೆ 5 ಮಿಲಿಗ್ರಾಂ ಎಂಬ ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಎಷ್ಟು ಲೋಟ ಅಂತ ಎಣಿಸೋದರಲ್ಲಿ ಅರ್ಥವಿಲ್ಲ, ಯಾಕೆಂದರೆ ಅಂಗಡಿಯ ಗಾಜಿನ ಲೋಟ ಒಂದು ಅಳತೆ, ಮನೆಯ ಸ್ಟೀಲ್ ಲೋಟ ಇನ್ನೊಂದು. ಒಬ್ಬರು ಅರ್ಧ ಚಮಚ ಪುಡಿ ಹಾಕುತ್ತಾರೆ, ಇನ್ನೊಬ್ಬರು ತುಂಬಿದ ಚಮಚ. ಮನೆಯಲ್ಲಿ ತಿಂಗಳಿಗೆ ಎಷ್ಟು ಪುಡಿ ಖಾಲಿಯಾಗುತ್ತದೆ ಅನ್ನೋದು ಕಿರಾಣಿ ಚೀಟಿಯಲ್ಲೇ ಇರುತ್ತದೆ. ಅದನ್ನು ನೋಡಿ.

ಒಂದು ಲೆಕ್ಕ ಹಾಕೋಣ. ನಾಲ್ಕು ಜನ ಚಾ ಕುಡಿಯುವ ಮನೆಯಲ್ಲಿ ತಿಂಗಳಿಗೆ ಕಾಲು ಕೆಜಿ, ಅಂದರೆ 250 ಗ್ರಾಂ ಪ್ಯಾಕೆಟ್ ಖರ್ಚಾಗುತ್ತದೆ ಅಂದುಕೊಳ್ಳಿ. ಒಬ್ಬರ ಪಾಲಿಗೆ ದಿನಕ್ಕೆ ಎರಡು ಗ್ರಾಂ ಪುಡಿ, ಹತ್ತು ಮಿಲಿಗ್ರಾಂ ಆಕ್ಸಲೇಟ್. ಇದು ಏನೇನೂ ಅಲ್ಲ. ಸಾಮಾನ್ಯ ಊಟದಲ್ಲಿ ದಿನಕ್ಕೆ ನೂರು ಇನ್ನೂರು ಮಿಲಿಗ್ರಾಂ ಆಕ್ಸಲೇಟ್ ನಮ್ಮೊಳಗೆ ಹೋಗುತ್ತಲೇ ಇರುತ್ತದೆ.

ಈಗ ಅದೇ ಕಾಲು ಕೆಜಿ ಪ್ಯಾಕೆಟ್ಟನ್ನು ಒಬ್ಬನೇ ತಿಂಗಳಲ್ಲಿ ಮುಗಿಸಿದರೆ? ದಿನಕ್ಕೆ ಎಂಟು ಗ್ರಾಂ ಮೇಲೆ ಪುಡಿ, ನಲವತ್ತು ಮಿಲಿಗ್ರಾಂ ಆಕ್ಸಲೇಟ್. ಕೊಯ್ಲಿನ ಸಮಯದಲ್ಲಿ ಗಟ್ಟಿ ಚಾ ಐದು ದೊಡ್ಡ ಲೋಟ, ಒಂದೊಂದಕ್ಕೆ ಮೂರು ಗ್ರಾಂ ಪುಡಿ ಅಂತ ಹಿಡಿದರೆ ಹದಿನೈದು ಗ್ರಾಂ, ಎಪ್ಪತ್ತೈದು ಮಿಲಿಗ್ರಾಂ. ಕಲ್ಲು ಬಂದು ಹೋದವರಿಗೆ, ಅವರ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿದ್ದರೆ, ಇಡೀ ದಿನದ ಆಹಾರದಲ್ಲಿ ನೂರು ಮಿಲಿಗ್ರಾಂ ದಾಟಬೇಡಿ ಅಂತ ಹೇಳುವುದು ರೂಢಿ. ಅಂಥವರಿಗೆ ಬರೀ ಚಾದಲ್ಲೇ ಮುಕ್ಕಾಲು ಪಾಲು ಮುಗಿದು ಹೋಯಿತು.

ಇದರಲ್ಲಿ ಎಲ್ಲವೂ ರಕ್ತಕ್ಕೆ ಹೋಗುವುದಿಲ್ಲ ಅನ್ನೋದನ್ನೂ ಹೇಳಬೇಕು. ತಿಂದ ಆಕ್ಸಲೇಟಿನಲ್ಲಿ ಸಾಮಾನ್ಯವಾಗಿ ಶೇ 5ರಿಂದ 15ರಷ್ಟು ಮಾತ್ರ ಕರುಳು ಹೀರುತ್ತದೆ. ಶೇ 10 ಅಂತ ಹಿಡಿದರೂ ಎಪ್ಪತ್ತೈದರಲ್ಲಿ ಏಳೂವರೆ ಮಿಲಿಗ್ರಾಂ ಮೂತ್ರಕ್ಕೆ ಬರುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ ಸುಮಾರು 40 ಮಿಲಿಗ್ರಾಂವರೆಗೆ ಆಕ್ಸಲೇಟ್ ಇರಬಹುದು. ಇಪ್ಪತ್ತರಲ್ಲಿ ಇರುವವನಿಗೆ ಏಳು ಸೇರಿದರೆ ಏನೂ ಆಗೋದಿಲ್ಲ. ಮೊದಲೇ ಮೂವತ್ತೆಂಟರಲ್ಲಿ ನಿಂತವನನ್ನು ಅದೇ ಏಳು ಗಡಿ ದಾಟಿಸುತ್ತದೆ. ಅದೇ ಚಾ ಕುಡಿದ ಅಣ್ಣನಿಗೆ ಕಲ್ಲು, ತಮ್ಮನಿಗೆ ಇಲ್ಲ ಅನ್ನೋದಕ್ಕೆ ಒಂದು ಕಾರಣ ಇದು.

ರುಚಿ ನೋಡಿ ಆಕ್ಸಲೇಟ್ ಹೇಳೋಕೆ ಬರೋದಿಲ್ಲ. ಗಟ್ಟಿ ಚಾದ ಒಗರು ಬರುವುದು ಟ್ಯಾನಿನ್ ಜಾತಿಯ ಅಂಶದಿಂದ, ಅಡಿಕೆ ಚೊಗರಿನಲ್ಲಿ ಇರುವಂಥದ್ದೇ. ಬೆಲ್ಲ ಜಾಸ್ತಿ ಹಾಕಿ ಒಗರು ಮುಚ್ಚಿದರೂ ಆಕ್ಸಲೇಟ್ ಅಷ್ಟೇ ಇರುತ್ತದೆ. ಒಂದು ಸಲ ಕುದಿಸಿದ ಪುಡಿಯನ್ನು ತೆಗೆಯದೆ ಅದರ ಮೇಲೇ ಹೊಸ ಪುಡಿ, ಹೊಸ ನೀರು ಹಾಕಿ ಮತ್ತೆ ಮತ್ತೆ ಕುದಿಸುವ ಪಾತ್ರೆಯಲ್ಲಿ, ಚೊಗರು ಮಂದ ಆಗುವ ಹಾಗೆ, ಎಲ್ಲಾ ಮಂದ ಆಗುತ್ತಾ ಹೋಗುತ್ತದೆ. ನಮ್ಮಲ್ಲಿ ಮಾರಾಟವಾಗುವುದು ಹೆಚ್ಚಾಗಿ ಕಾಳು ಕಾಳಾದ ಸಿಟಿಸಿ ಪುಡಿ ಮತ್ತು ಡಸ್ಟ್. ಇವು ಸಣ್ಣ ಕಣಗಳಾದ್ದರಿಂದ ಬೇಗ ಬಿಟ್ಟುಕೊಡುತ್ತವೆ. ಎರಡು ನಿಮಿಷ ಸಾಕಾಗುವ ಕಡೆ ಹತ್ತು ನಿಮಿಷ ಕುದಿಸುವ ಅಗತ್ಯವಿಲ್ಲ.

ಹಾಲು ಹಾಕಿದರೆ ಏನಾಗುತ್ತದೆ

ಅರ್ಧ ಲೋಟಕ್ಕೂ ಕಡಿಮೆ, 50 ಮಿ.ಲೀ. ಹಾಲು ಹಾಕಿದಿರಿ ಅಂದುಕೊಳ್ಳಿ. ನೂರು ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹಾಗಾಗಿ ನಿಮ್ಮ ಲೋಟಕ್ಕೆ ಬಂದಿದ್ದು 60 ಮಿಲಿಗ್ರಾಂ. ರಸಾಯನಶಾಸ್ತ್ರದ ಲೆಕ್ಕದಲ್ಲಿ 40 ಭಾಗ ಕ್ಯಾಲ್ಸಿಯಂ 88 ಭಾಗ ಆಕ್ಸಲೇಟನ್ನು ಹಿಡಿಯುತ್ತದೆ. ಅಂದರೆ 60 ಮಿಲಿಗ್ರಾಂ ಕ್ಯಾಲ್ಸಿಯಂಗೆ 130 ಮಿಲಿಗ್ರಾಂ ಆಕ್ಸಲೇಟ್ ಹಿಡಿಯುವ ಶಕ್ತಿ. ಲೋಟದಲ್ಲಿ ಇರೋದು ಹತ್ತೋ ಹದಿನೈದೋ. ಹೊಟ್ಟೆಯಲ್ಲಿ ಎಲ್ಲವೂ ಕಾಗದದ ಲೆಕ್ಕದ ಹಾಗೆ ನಡೆಯೋದಿಲ್ಲ ನಿಜ, ಆದರೂ ಅಂತರ ಬಹಳ ದೊಡ್ಡದಿದೆ. ಅದೇ ನ್ಯೂಜಿಲೆಂಡಿನ ತಂಡ ಮರುವರ್ಷ ಜನರಿಗೆ ಚಾ ಕುಡಿಸಿ ಮೂತ್ರ ಪರೀಕ್ಷಿಸಿದಾಗ, ಹಾಲು ಬೆರೆಸಿ ಕುಡಿಯುವವರ ದೇಹ ಚಾದಿಂದ ಹೀರುವ ಆಕ್ಸಲೇಟ್ ತೀರಾ ಅಲ್ಪ ಎಂದು ಕಂಡಿತು.

ಹಾಲಿನ ಚಾ ಕುಡಿಯುವವರು ಕಲ್ಲಿನ ಹೆದರಿಕೆಯಿಂದ ಬ್ಲ್ಯಾಕ್ ಟೀಗೆ ಬದಲಾಗುವುದು ತಲೆಕೆಳಗಾದ ಕೆಲಸ. ಆದರೂ ಇದು ನಡೆಯುತ್ತಿದೆ. ‘ಕಲ್ಲು ಅಂದರೆ ಕ್ಯಾಲ್ಸಿಯಂ, ಹಾಲಲ್ಲಿ ಕ್ಯಾಲ್ಸಿಯಂ ಇದೆ, ಹಾಲು ಬಿಡು’ ಅನ್ನುವ ಸಲಹೆ ಊರಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಹಿಂದೆ ವೈದ್ಯರೂ ಹೀಗೇ ಹೇಳುತ್ತಿದ್ದರು. ಅದು ತಪ್ಪು ಅಂತ ಗೊತ್ತಾಗಿ ದಶಕಗಳೇ ಆದವು. 1993ರಲ್ಲಿ ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರ ಆಹಾರದ ಲೆಕ್ಕ ನೋಡಿದಾಗ, ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಿಗೇ ಕಲ್ಲು ಕಡಿಮೆ ಆಗಿತ್ತು. ಇಟಲಿಯಲ್ಲಿ ಮತ್ತೆ ಮತ್ತೆ ಕಲ್ಲು ಬರುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿಮೆ ಮಾಡಿಸಿದರು. ಇನ್ನೊಂದಕ್ಕೆ ಮಾಮೂಲಿನಷ್ಟು ಕ್ಯಾಲ್ಸಿಯಂ ಕೊಟ್ಟು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿಸಿದರು. 2002ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನಲ್ಲಿ ಶೇ 38 ಜನಕ್ಕೆ ಮತ್ತೆ ಕಲ್ಲು, ಎರಡನೆಯದರಲ್ಲಿ ಶೇ 20.

ಹಾಲು ಬೇಡದವರಿಗೆ ಮೊಸರು, ಮಜ್ಜಿಗೆ ಆಗುತ್ತದೆ. ಆದರೆ ಸಮಯ ಮುಖ್ಯ. ಬೆಳಿಗ್ಗೆ ಕುಡಿದ ಹಾಲು ಸಂಜೆಯ ಬರೀ ಚಾಕ್ಕೆ ಕೆಲಸಕ್ಕೆ ಬರೋದಿಲ್ಲ. ಎರಡೂ ಕರುಳಿನಲ್ಲಿ ಒಟ್ಟಿಗೆ ಇರಬೇಕು. ಡಾಕ್ಟರ್ ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗದೆ ಊಟದ ಜೊತೆ ತೆಗೆದುಕೊಳ್ಳೋದೂ ಇದೇ ಕಾರಣಕ್ಕೆ.

ಲಿಂಬೆ ಹಿಂಡಿದ ಚಾ ವಿಷಯ ಬೇರೆ. ಲಿಂಬೆಹುಳಿ ಆಕ್ಸಲೇಟನ್ನು ತೆಗೆಯೋದಿಲ್ಲ. ಅದರಲ್ಲಿರುವ ಸಿಟ್ರೇಟ್ ಮೂತ್ರಕ್ಕೆ ಬಂದು ಕ್ಯಾಲ್ಸಿಯಂ ಹಿಡಿದುಕೊಂಡು ಹರಳು ಬೆಳೆಯದಂತೆ ತಡೆಯುತ್ತದೆ. ಆ ಲಾಭ ಬೇಕಾದರೆ ಚಾ ಬಿಟ್ಟು ಬರೀ ಲಿಂಬೆ ನೀರು ಕುಡಿದರೂ ಸಿಗುತ್ತದೆ. ಕಾಫಿಯಲ್ಲಿ ಆಕ್ಸಲೇಟ್ ಬಹಳ ಕಡಿಮೆ, ಹಾಗಾಗಿ ಕಲ್ಲಿನ ವಿಷಯದಲ್ಲಿ ಕಾಫಿ ಮನೆತನದವರು ಒಂದಿಷ್ಟು ಬಚಾವು.

ಅರ್ಕಾನ್ಸಾದಲ್ಲಿ ನಡೆದದ್ದು

ಚಾದಿಂದ ಕಿಡ್ನಿಯೇ ಹೋಯಿತು ಅನ್ನುವ ಸುದ್ದಿಯ ಮೂಲ ಹುಡುಕಿದರೆ ಹೆಚ್ಚಿನ ಸಲ ಸಿಗೋದು ಅಮೆರಿಕದ ಅರ್ಕಾನ್ಸಾ ರಾಜ್ಯದ ಒಂದು ಪ್ರಕರಣ. 2015ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಲ್ಲಿನ ವೈದ್ಯರು ಇದನ್ನು ಬರೆದರು.

56 ವರ್ಷದ ಗಂಡಸು ಸುಸ್ತು, ನಿಶ್ಶಕ್ತಿ, ಮೈಕೈ ನೋವು ಅಂತ ಆಸ್ಪತ್ರೆಗೆ ಬಂದಿದ್ದರು. ರಕ್ತದಲ್ಲಿ ಕ್ರಿಯಾಟಿನಿನ್ 4.5 ಇತ್ತು. ಒಂದರ ಆಸುಪಾಸು ಇರಬೇಕಾದದ್ದು ಅದು. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ರಾಶಿ. ಕರುಳಿನ ಆಪರೇಷನ್ ಆಗಿರಲಿಲ್ಲ, ಮನೆತನದಲ್ಲಿ ಕಿಡ್ನಿ ಕಾಯಿಲೆ ಇರಲಿಲ್ಲ. ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ ಅಂತ ಮತ್ತೆ ಮತ್ತೆ ವಿಚಾರಿಸಿದಾಗ ಹೊರಬಂದದ್ದು ಐಸ್ ಟೀ, ಅಂದರೆ ಹಾಲಿಲ್ಲದ ತಣ್ಣನೆಯ ಕಪ್ಪು ಚಾ. ದಿನಕ್ಕೆ ಹದಿನಾರು ಲೋಟ! ಒಂದೊಂದು 240 ಮಿ.ಲೀ. ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರೂಮುಕ್ಕಾಲು ಲೀಟರ್. ಬಯಾಪ್ಸಿ ಮಾಡಿದಾಗ ಕಿಡ್ನಿಯ ಒಳಗಿನ ಸಣ್ಣ ನಾಳಗಳಲ್ಲೇ ಹರಳು ತುಂಬಿ ಉರಿಯೂತ ಆಗಿತ್ತು. ಅವರಿಗೆ ಡಯಾಲಿಸಿಸ್ ಬೇಕಾಯಿತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಇದು ಕಲ್ಲಿನ ಕಾಯಿಲೆ ಅಲ್ಲ. ಕಲ್ಲು ಕಿಡ್ನಿಯ ಪೈಪಿನಲ್ಲಿ ಸಿಕ್ಕಿಕೊಳ್ಳುವುದು, ವಿಪರೀತ ನೋವು ಕೊಡುವುದು. ಈ ಮನುಷ್ಯನಿಗೆ ಆದದ್ದು ಕಿಡ್ನಿಯ ಮಾಂಸದೊಳಗೇ ಹರಳು ಕೂತದ್ದು. ಅಂಥದ್ದಕ್ಕೆ ಪಕ್ಕೆನೋವೂ ಇರದೆ ಬರೀ ಸುಸ್ತಿನಿಂದ ಶುರುವಾಗಬಹುದು. ಎರಡನೆಯದು, ದಿನಕ್ಕೆ 1500 ಮಿಲಿಗ್ರಾಂಗೂ ಹೆಚ್ಚು ಆಕ್ಸಲೇಟ್ ಹೋಗಿದೆ ಅಂತ ಆ ವೈದ್ಯರು ಅಂದಾಜಿಸಿದ್ದರು. ಲೋಟಕ್ಕೆ ತೊಂಬತ್ತು ಮಿಲಿಗ್ರಾಂ ಮೇಲೆ ಬೀಳುತ್ತದೆ ಅದು. ನ್ಯೂಜಿಲೆಂಡಿನ ಅಳತೆಯ ಪ್ರಕಾರ ಅಷ್ಟು ಬರಬೇಕಾದರೆ ಒಂದೇ ಲೋಟಕ್ಕೆ ಹದಿನೆಂಟು ಗ್ರಾಂ ಪುಡಿ ಬೇಕು. ಚಾದ ಆಕ್ಸಲೇಟ್ ಅಳೆಯುವ ವಿಧಾನ, ಚಾದ ಜಾತಿ, ಕುದಿಸಿದ ಹೊತ್ತು ಬದಲಾದಂತೆ ಸಂಖ್ಯೆ ಇಷ್ಟು ವ್ಯತ್ಯಾಸ ಆಗುತ್ತದೆ. ಹಾಗಾಗಿ ಈ ಪ್ರಕರಣ ತೋರಿಸಿ ಎರಡು ಲೋಟ ಕುಡಿಯುವವರನ್ನು ಹೆದರಿಸೋದು ಸರಿಯಲ್ಲ.

ಸುಮ್ಮನೆ ಚಾವನ್ನು ಬೈಯುವವರಿಗೆ ಇನ್ನೊಂದು ಉತ್ತರವೂ ಇದೆ. ಅಮೆರಿಕದ 80 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಒಂದು ಲೋಟ ಚಾ ಹೆಚ್ಚಾದಂತೆ ಕಲ್ಲಿನ ಅಪಾಯ ಶೇ 8ರಷ್ಟು ಕಡಿಮೆ ಕಂಡಿತ್ತು. ಚಾ ಜೊತೆ ಒಳಗೆ ಹೋಗುವ ನೀರೇ ಇದಕ್ಕೆ ದೊಡ್ಡ ಕಾರಣ ಇರಬೇಕು. ಅವರು ಕುಡಿಯುವುದು 240 ಮಿ.ಲೀ. ತೆಳು ಚಾ. ನಮ್ಮಲ್ಲಿ ಸಣ್ಣ ಗ್ಲಾಸಿನಲ್ಲಿ ಮಂದ ಚಾ. ನೀರು ಕಡಿಮೆ, ಪುಡಿ ಜಾಸ್ತಿ. ಆ ಅಧ್ಯಯನದ ಸಮಾಧಾನವನ್ನು ನಾವು ಹಾಗೇ ತಂದುಕೊಳ್ಳೋಕೆ ಆಗೋದಿಲ್ಲ.

ಹತ್ತಿರದ ಉದಾಹರಣೆ ಬೇಕಾದರೆ ಕೇರಳದ್ದಿದೆ, ಅದು ಚಾದ್ದಲ್ಲ, ಬಿಂಬುಳಿಯದ್ದು. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ನಂಬಿಕೆಯಿಂದ ಬಿಂಬುಳಿ ಹಣ್ಣಿನ ರಸ ಕುಡಿದ ಹತ್ತು ಜನರಿಗೆ ಕಿಡ್ನಿ ದಿಢೀರ್ ಕೆಲಸ ನಿಲ್ಲಿಸಿತ್ತು. ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು, ಕೊನೆಗೆ ಹತ್ತೂ ಜನ ಚೇತರಿಸಿಕೊಂಡರು. 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಇದು ವರದಿಯಾಗಿದೆ. ಅದರ ಜಾತಿಯದ್ದೇ ಆದ ಕಮರಾಕ್ಷಿಯನ್ನೂ ಕಿಡ್ನಿ ತೊಂದರೆ ಇರುವವರು ಮುಟ್ಟಬಾರದು. ಉಪ್ಪಿನಕಾಯಿಗೆ ನಾಲ್ಕು ಕಾಯಿ ಹಾಕೋದು ಬೇರೆ, ಲೋಟಗಟ್ಟಲೆ ರಸ ಹಿಂಡಿ ಕುಡಿಯೋದು ಬೇರೆ.

ಯಾರು ಹುಷಾರಾಗಿರಬೇಕು

ಮೊದಲನೆಯವರು ಒಮ್ಮೆ ಕಲ್ಲು ಬಂದವರು. ಹತ್ತು ವರ್ಷದೊಳಗೆ ಇವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಮತ್ತೆ ಬರುತ್ತದೆ. ಅಪ್ಪ, ಅಣ್ಣ, ತಂಗಿಗೆ ಕಲ್ಲು ಬಂದಿದ್ದರೆ ಅಂಥವರೂ ಇದೇ ಸಾಲಿಗೆ. ಕರುಳಿನ ದೀರ್ಘ ಕಾಯಿಲೆ ಇರುವವರು, ಕರುಳು ಕತ್ತರಿಸಿದ ಆಪರೇಷನ್ ಅಥವಾ ಬೊಜ್ಜು ಇಳಿಸುವ ಆಪರೇಷನ್ ಆದವರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು. ಅವರ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಕೊಬ್ಬು ಕ್ಯಾಲ್ಸಿಯಂನ್ನು ಹಿಡಿದುಬಿಡುತ್ತದೆ, ಆಕ್ಸಲೇಟ್ ಜೊತೆಗಾರನಿಲ್ಲದೆ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ನುಗ್ಗುತ್ತದೆ. ಕಿಡ್ನಿ ಮೊದಲೇ ದುರ್ಬಲ ಇರುವವರು ಚಾ ಮಾತ್ರ ಅಲ್ಲ, ಎಲ್ಲವನ್ನೂ ಡಾಕ್ಟರ್ ಕೇಳಿಯೇ ಮಾಡಬೇಕು. ವಿಟಮಿನ್ ಸಿ ಮಾತ್ರೆಯನ್ನು ದಿನಾ ಸಾವಿರ ಮಿಲಿಗ್ರಾಂ ಲೆಕ್ಕದಲ್ಲಿ ನುಂಗುವವರಿಗೂ ಒಂದು ಮಾತು: ಹೆಚ್ಚಾದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತದೆ.

ಇವರೆಲ್ಲರಿಗಿಂತ ಸಂಖ್ಯೆಯಲ್ಲಿ ದೊಡ್ಡ ಗುಂಪು ನೀರು ಕುಡಿಯದವರದ್ದು. ಆಗುಂಬೆ ಕಡೆ ಮಳೆಗಾಲದಲ್ಲಿ ಬಾಯಾರಿಕೆಯೇ ಆಗೋದಿಲ್ಲ, ಬಿಸಿ ಚಾದಲ್ಲೇ ದಿನ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಬೆವರಿ ಹೋಗುತ್ತದೆ. ಅಂಗಡಿ ಬಿಟ್ಟು ಏಳೋಕೆ ಆಗೋದಿಲ್ಲ ಅಂತ ನೀರು ಕಡಿಮೆ ಕುಡಿಯುವ ವ್ಯಾಪಾರಸ್ಥರು, ಶೌಚಾಲಯ ಇಲ್ಲ ಅಂತ ನೀರು ಮುಟ್ಟದೆ ಕೂರುವ ಹೆಂಗಸರು ಪೇಟೆಯಲ್ಲೂ ತೋಟದಲ್ಲೂ ಇದ್ದಾರೆ. ಇಂಥವರು ಚಾ ಲೆಕ್ಕ ಹಾಕುವುದಕ್ಕಿಂತ ಮೊದಲು ಮೂತ್ರದ ಲೆಕ್ಕ ಹಾಕಬೇಕು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಒಂದು ಲೀಟರಿನ ಹಳೆ ಜಗ್ ಇಟ್ಟುಕೊಂಡು ರಜಾ ದಿನ ಒಮ್ಮೆ ಅಳೆದು ನೋಡಿದರೆ ಗೊತ್ತಾಗುತ್ತದೆ. ಇಟಲಿಯಲ್ಲೇ ನಡೆದ ಮತ್ತೊಂದು ಅಧ್ಯಯನದಲ್ಲಿ (1996) ಮೊದಲ ಸಲ ಕಲ್ಲು ಬಂದವರಿಗೆ ಬರೀ ನೀರು ಹೆಚ್ಚಿಸಿದ್ದಕ್ಕೆ, ಐದು ವರ್ಷದಲ್ಲಿ ಮತ್ತೆ ಕಲ್ಲು ಬಂದವರು ಶೇ 27ರಿಂದ ಶೇ 12ಕ್ಕೆ ಇಳಿದಿದ್ದರು. ಚಾ ಬಿಟ್ಟರೆ ಇಷ್ಟು ಲಾಭ ಆಗುತ್ತದೆ ಅಂತ ತೋರಿಸಿದ ಅಧ್ಯಯನ ಇಲ್ಲ.

ತಟ್ಟೆಯ ಕಡೆಗೂ ಕಣ್ಣಿರಲಿ. ನೂರು ಗ್ರಾಂ ಹಸಿ ಪಾಲಕ್ ಸೊಪ್ಪಿನಲ್ಲಿ 600 ಮಿಲಿಗ್ರಾಂ ಮೇಲೆ ಆಕ್ಸಲೇಟ್ ಇರುತ್ತದೆ. ಕರಿ ಚಾ ಬಿಟ್ಟೆ ಅಂತ ಹೇಳಿ ವಾರಕ್ಕೆ ನಾಲ್ಕು ದಿನ ಪಾಲಕ್ ತಿಂದರೆ ಏನು ಪ್ರಯೋಜನ? ಹರಿವೆ, ಕೆಸುವು ಕೂಡ ಅದೇ ಸಾಲಿನವು. ಕಲ್ಲು ಬಂದವರು ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿ, ಮೊಸರು ಹಾಕಿದ ಅಡುಗೆ ಮಾಡಿಕೊಳ್ಳಬಹುದು. ಊರಲ್ಲಿ ಎಲ್ಲರೂ ಬಿಡಿ ಅನ್ನುವ ಟೊಮೆಟೊದಲ್ಲಿ ಮಾತ್ರ ಆಕ್ಸಲೇಟ್ ಕಡಿಮೆ. ಪಾಪ, ಅದಕ್ಕೆ ಸುಮ್ಮನೆ ಕೆಟ್ಟ ಹೆಸರು.

ನಿಮ್ಮ ಕಲ್ಲು ಯಾವ ಜಾತಿ

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಎಲ್ಲಿದೆ, ಎಷ್ಟು ಮಿ.ಮೀ. ಅಂತ ಗೊತ್ತಾಗುತ್ತದೆ. ಯಾವುದರದ್ದು ಅಂತ ಗೊತ್ತಾಗೋದಿಲ್ಲ. ಯೂರಿಕ್ ಆಸಿಡ್ ಕಲ್ಲಾಗಿದ್ದರೆ, ಸೋಂಕಿನಿಂದ ಆದ ಕಲ್ಲಾಗಿದ್ದರೆ ಚಾದ ಆಕ್ಸಲೇಟಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಕಲ್ಲು ಬಿದ್ದರೆ ಬಿಸಾಡಬೇಡಿ. ನೋವಿರುವ ದಿನಗಳಲ್ಲಿ ಚಾ ಸೋಸುವ ಹಳೆ ಜರಡಿಯಲ್ಲಿ ಮೂತ್ರ ಸೋಸಿ, ಸಿಕ್ಕ ಕಾಳನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಕೊಟ್ಟರೆ ಪರೀಕ್ಷೆಗೆ ಕಳಿಸುತ್ತಾರೆ.

ಎರಡನೇ ಸಲ ಕಲ್ಲು ಬಂದವರಿಗೆ ಡಾಕ್ಟರ್ 24 ಗಂಟೆಯ ಮೂತ್ರ ಪರೀಕ್ಷೆ ಹೇಳಬಹುದು. ಮೂತ್ರದಲ್ಲಿ ಆಕ್ಸಲೇಟ್, ಕ್ಯಾಲ್ಸಿಯಂ, ಸಿಟ್ರೇಟ್ ಎಷ್ಟೆಷ್ಟು ಅಂತ ಇದರಲ್ಲೇ ತಿಳಿಯೋದು. ಇದು ಕೆಡುವುದು ಸಂಗ್ರಹಿಸುವಾಗ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಕ್ಯಾನಿಗೆ ಹಾಕದೆ ಬಿಟ್ಟುಬಿಡಬೇಕು, ಗಂಟೆ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದೆ ಹಗಲು ರಾತ್ರಿ ಹೋದದ್ದೆಲ್ಲಾ ಲ್ಯಾಬ್‌ನವರು ಕೊಟ್ಟ ಕ್ಯಾನಿಗೇ, ಮರುದಿನ ಅದೇ ಗಂಟೆಯ ಮೊದಲ ಮೂತ್ರವೂ ಸೇರಿ. ಕ್ಯಾನಿನಲ್ಲಿ ಆಮ್ಲ ಹಾಕಿ ಕೊಟ್ಟಿದ್ದರೆ ಅದನ್ನು ತೊಳೆಯಬಾರದು, ಕೈಗೆ ತಾಗದಂತೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬೇಕು. ಪರೀಕ್ಷೆ ಅಂತ ಆ ದಿನ ಮಾತ್ರ ಚಾ ಬಿಟ್ಟು ನೀರು ಜಾಸ್ತಿ ಕುಡಿಯುವವರು ಬಹಳ. ಹಾಗೆ ಮಾಡಿದರೆ ವರದಿ ಚೆನ್ನಾಗಿ ಬರುತ್ತದೆ, ಕಲ್ಲು ಮಾತ್ರ ಮತ್ತೆ ಬರುತ್ತದೆ. ದಿನಾ ಎಷ್ಟು ಕುಡಿಯುತ್ತೀರೋ ಅಷ್ಟೇ ಕುಡಿಯಬೇಕು.

ಆಕ್ಸಲೇಟ್ ಹೆಚ್ಚು ಬಂದರೆ ಚಾ ಪೂರ್ತಿ ಬಿಡಬೇಕೆಂದಿಲ್ಲ. ದಿನಕ್ಕೆ ಎರಡು, ಹಾಲು ಹಾಕಿ, ಪುಡಿ ಅರ್ಧಕ್ಕೆ ಇಳಿಸಿ. ಸುಲಿತದ ರಾತ್ರಿಗಳಲ್ಲಿ ಕೊತ್ತಂಬರಿ ಜೀರಿಗೆ ಕಷಾಯವೋ ಮಜ್ಜಿಗೆಯೋ ಇಟ್ಟುಕೊಂಡರೆ ಕೈಗೆ ಬಿಸಿಯೂ ಸಿಗುತ್ತದೆ, ಹೊಟ್ಟೆಗೆ ನೀರೂ ಹೋಗುತ್ತದೆ. ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೆ ಇಳಿಯಿತೋ ಇಲ್ಲವೋ ಕಾಣುತ್ತದೆ. ಆಹಾರ ಬದಲಿಸಿದರೂ ಬಹಳ ಎತ್ತರದಲ್ಲೇ ನಿಂತಿದ್ದರೆ ಕಾರಣ ಚಾ ಅಲ್ಲ, ಕರುಳಿನದ್ದೋ ಹುಟ್ಟಿನಿಂದ ಬಂದದ್ದೋ ತೊಂದರೆ ಇರಬಹುದು, ಅದನ್ನು ತಜ್ಞರೇ ನೋಡಬೇಕು.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಕಾಡುಬಸಳೆ ಎಲೆ ಅಂತ ಮನೆಮದ್ದು ಮಾಡುವವರು ಇದ್ದೇ ಇದ್ದಾರೆ. ನಾಲ್ಕೈದು ಮಿ.ಮೀ.ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆ, ಹಾಗಾಗಿ ಆ ವಾರ ಏನು ಕುಡಿದಿದ್ದರೋ ಅದಕ್ಕೆ ಹೆಸರು ಬರುತ್ತದೆ. ನೀರಿನಂಶ ಹೋಗುತ್ತದೆ ಅನ್ನುವ ಮಟ್ಟಿಗೆ ಅಡ್ಡಿಯಿಲ್ಲ. ಆದರೆ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ವಾಂತಿ ನಿಲ್ಲದಿದ್ದರೆ, ಒಂದೇ ಕಿಡ್ನಿ ಇರುವವರಿಗೆ ನೋವು ಬಂದರೆ ಕಷಾಯ ಕಾಯಿಸುತ್ತಾ ಕೂರುವ ಹೊತ್ತಲ್ಲ ಅದು. ಕಲ್ಲಿನ ಹಿಂದೆ ಕಟ್ಟಿಕೊಂಡ ಮೂತ್ರಕ್ಕೆ ಸೋಂಕಾದರೆ ಒಂದೆರಡು ದಿನದಲ್ಲೇ ಜೀವಕ್ಕೆ ಬರಬಹುದು. ಅದೇ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ಕಳಿಸಿದರೆ ಶಿವಮೊಗ್ಗದ ಮೆಗ್ಗಾನ್‌ಗೆ. ಹೋಗುವಾಗ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ.